ಪದಪಟ್ಟಿಯೊಂದಿಗೆ ಒಂದು ಪಟ್ಟಾಂಗ

ಮೈಸೂರಿನ ವಿಜಯನಗರದ ಸೈಟು ಅಂದರೆ ಇಡೀ ರಾಜ್ಯಕ್ಕೆ ಏನು ನೆನಪಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಆದರೂ ಇಲ್ಲಿ ಲೇಔಟುಗಳು ಏಳುತ್ತಲೇ ಇವೆ, ಪ್ರತಿ ಲೇಔಟಿಗೂ ಒಂದು ಜಾಹೀರಾತು ಹಾಡು ಬೇಕು. ಹಾಡು ಬರೆಯುವವರಿಗೆ ಗಿರಾಕಿ ಕೊಡುವುದು ಒಂದು ಪದಪಟ್ಟಿ, ಅದರ ಅಡಿಯಲ್ಲಿ ‘ನ್ಯಾಚುರಲ್ ಆಗಿ ಬರಲಿ’ ಎಂಬ ಷರಾ. ಅಂಥದೊಂದು ಪಟ್ಟಿ ಮೇಜಿನ ಮೇಲೆ ಸಿಕ್ಕಿತು, ಮಾತಾಡಿಸಿದೆ.

ನಮಸ್ಕಾರ. ನಿಮ್ಮಲ್ಲಿ ಏನೇನಿದೆ?

ವಿಜಯನಗರ, ಮನೆ, ನಂಬಿಕೆ, ಖಾತೆ, ರಿಂಗ್ ರೋಡ್, ಸಾಲ ಸೌಲಭ್ಯ, 24 ಗಂಟೆ ಸೆಕ್ಯೂರಿಟಿ. ಒಂದಾದರೂ ಕ್ರಿಯಾಪದ ಕಂಡಿತಾ ಸಾರ್? ಬರೀ ನಾಮಪದ! ಯಾರೂ ಬರಲ್ಲ, ಕೂರಲ್ಲ, ಕಾಫಿ ಕುಡಿಯಲ್ಲ. ಹೀಗಿದ್ದರೆ ಹಾಡು ಹೇಗಾಗುತ್ತೆ? ದಿನಸಿ ಚೀಟಿ ಆಗುತ್ತೆ.

ಅದಿರಲಿ, ಪದ ಕೂರಿಸುವ ವಿಷಯಕ್ಕೆ ಬರೋಣ. ಅವಧಾನದಲ್ಲಿ ದತ್ತಪದಿ ಅಂತ ಇದೆಯಲ್ಲ, ಪೃಚ್ಛಕರು ನಾಲ್ಕು ಪದ, ಒಂದು ವಸ್ತು, ಒಂದು ಛಂದಸ್ಸು ಕೊಡುತ್ತಾರೆ. ಅವಧಾನಿ ಸಾಲಿಗೊಂದು ಪದ ಕೂರಿಸಿ ಪದ್ಯ ಕಟ್ಟುತ್ತಾರೆ. ಶತಾವಧಾನಿ ಗಣೇಶರು...

ಅಲ್ಲಿ ನಾಲ್ಕೇ ಪದ. ಪದವನ್ನು ಒಡೆದು, ಸಂಧಿ ಮಾಡಿ, ಬೇರೆ ಅರ್ಥದಲ್ಲಿ ಬಚ್ಚಿಟ್ಟರೆ ಸಭೆ ಚಪ್ಪಾಳೆ ತಟ್ಟುತ್ತೆ. ಇಲ್ಲಿ ಬಚ್ಚಿಟ್ಟರೆ ಗಿರಾಕಿ ‘ನಮ್ಮ ಪದ ಎಲ್ಲಿ’ ಅಂತ ಫೋನ್ ಮಾಡ್ತಾರೆ. ಇರೋದು 30 ಸೆಕೆಂಡು. ಮೊದಲ ವಾದ್ಯ, ಕೊನೆಯ ಫೋನ್ ನಂಬರು ಕಳೆದರೆ ನಾಲ್ಕು ಸಾಲಿಗೆ ಜಾಗ.

ಮೊದಲ ಪದವೇ ತೊಂದರೆ ಕೊಟ್ಟಿತಂತೆ?

ವಿ-ಜ-ಯ-ನ-ಗ-ರ, ಆರೂ ಲಘು, ಒಟ್ಟು ಆರು ಮಾತ್ರೆ. ಸಂಗೀತ ನಿರ್ದೇಶಕರು ಕಳಿಸಿದ ಟ್ಯೂನು ನಾಲ್ಕು ಮಾತ್ರೆಯ ನಡೆಯದು. ಅದಕ್ಕೆ ಕೂರಿಸಿದರೆ ‘ವಿಜಯನ’ ಒಂದು ಗಣ, ಆಮೇಲೆ ತಾಳದ ಪೆಟ್ಟು ನೇರ ‘ಗರ’ದ ಮೇಲೆ. ವಿಜಯನ ಗರ! ಮನೆ ಕೊಳ್ಳೋಕೆ ಮುಂಚೆಯೇ ಗರ ಬಡಿಯಿತು. ಕಾಗದದ ಮೇಲೆ ಇದು ಕಾಣಲ್ಲ. ಕೈಯಲ್ಲಿ ತಾಳ ಹಾಕಿಕೊಂಡು ಗಟ್ಟಿಯಾಗಿ ಹೇಳಿದಾಗಲೇ ಕಿವಿಗೆ ಚುಚ್ಚೋದು.

ಪರಿಹಾರ?

‘ವಿಜಯದ ನಗರದಿ’ ಅಂದರೆ ನಾಲ್ಕು-ನಾಲ್ಕು ಸರಿಹೋಗುತ್ತೆ, ಆದರೆ ಬಡಾವಣೆಯ ಹೆಸರನ್ನು ಒಡೆಯುವಂತಿಲ್ಲ. ಹಾಗಾಗಿ ಪದವನ್ನು ಬಿಟ್ಟು ಟ್ಯೂನನ್ನೇ ಬದಲಿಸಿದರು. ಮೂರು ಮಾತ್ರೆಯ ನಡೆಯಲ್ಲಿ ‘ವಿಜಯ’, ‘ನಗರ’ ತಾನಾಗಿ ಬಿಡಿಸಿಕೊಂಡವು. ಮೊದಲ ಕರಡು ಹೀಗಿತ್ತು:

ವಿಜಯನಗರ ಬೀದಿಯಲ್ಲಿ
ನಿಜದ ಮನೆಗೆ ಬೀಗವಿಲ್ಲ

ಆಹಾ! ವಿಜ, ನಿಜ: ಆದಿಪ್ರಾಸ! ಎರಡನೇ ಅಕ್ಷರ ಎರಡು ಸಾಲಲ್ಲೂ ಜಕಾರ, ಅದರ ಹಿಂದೆ ಹ್ರಸ್ವ. ಶುದ್ಧ ಸಿಂಹಪ್ರಾಸ! ಸಾಲಿನ ಬಾಲಕ್ಕೆ ‘ಅಲ್ಲಿ, ಇಲ್ಲಿ, ಎಲ್ಲಿ’ ಕಟ್ಟುವವರು ಇದನ್ನು ನೋಡಿ ಕಲಿಯಬೇಕು.

ಸಿಂಹ ಯಾಕೆ ಸಾರ್? ಲೋಗೋದಲ್ಲಿ ಆನೆ ಇದೆ.

ಗಜಪ್ರಾಸ ಬೇಕಿದ್ದರೆ ಮೊದಲ ಅಕ್ಷರ ದೀರ್ಘ ಇರಬೇಕು. ‘ವಿ’ಯನ್ನು ಎಳೆಯಲಾಗದು.

ನಿಮ್ಮ ಪ್ರಾಣಿಸಂಗ್ರಹಾಲಯ ಸಾಕು, ಸಾರ್. ಆ ಸಾಲಿನ ಚಂದ ಇರೋದು ಬೇರೆ ಕಡೆ. ‘ನಂಬಿಕೆ’ ಅನ್ನೋ ಪದವನ್ನೇ ಎತ್ತದೆ ಬೀಗವಿಲ್ಲದ ಬಾಗಿಲು ತೋರಿಸಿದ್ದಾರೆ. ಅಂಥ ಭಾವವಾಚಕ ಪದ ಹಾಡಿನಲ್ಲಿ ಹಾಗೇ ನಿಂತರೆ ಭಾಷಣ. ಕಣ್ಣಿಗೆ ಕಾಣೋ ಒಂದು ವಸ್ತುವಾದರೆ ಮಾತು. ಆದರೆ ಗಿರಾಕಿ ಕೇಳಿದ್ದೇನು ಗೊತ್ತಾ? ‘ಬೀಗ ಇಲ್ಲ ಅಂದ್ರೆ ಕಳ್ಳತನ ಅಲ್ವಾ? ಸೆಕ್ಯೂರಿಟಿ ಪಾಯಿಂಟ್ ಹೊಡೆದುಹೋಯ್ತು!’ ಅಂತೂ ಒಂದು ಕ್ರಿಯಾಪದ ಸಿಕ್ಕಿತ್ತು, ಅದೂ ‘ಇಲ್ಲ’. ಈಗ ಅದೂ ಇಲ್ಲ.

ರಿಂಗ್ ರೋಡು, ಸಾಲ ಸೌಲಭ್ಯ?

ಅವನ್ನು ಹಾಡಿನಿಂದ ಇಳಿಸಿ, ನಡುವೆ ಮಾತಾಡೋ ದನಿಗೆ ಕೊಟ್ಟರು. ಹಾಡಲಾಗದ್ದನ್ನು ಹೇಳಿಸಬೇಕು, ಅಷ್ಟೇ.

‘ಖಾತೆ’ ಮಾತ್ರ ಸುಲಭ. ಖಾ ಗುರು, ತೆ ಲಘು, ಮೂರು ಮಾತ್ರೆ, ಗಣಕ್ಕೆ ಸರಿಯಾಗಿ...

ಸ್ವಲ್ಪ ನಿಲ್ಲಿಸ್ತೀರಾ? ಎಲ್ಲರೂ ಇದನ್ನೇ ಹೇಳಿದರು. ಮೂರು ಮಾತ್ರೆ, ಹಾಡೋಕೆ ಸಲೀಸು, ಗಾಯಕಿ ದೀರ್ಘವನ್ನು ಚೆನ್ನಾಗಿ ಎಳೆದಳು. ಖಾತೆ ಆಗಿದೆಯಾ ಅಂತ ಒಬ್ಬರೂ ಕೇಳಲಿಲ್ಲ. ರಿಟೈರಾದ ಮೇಷ್ಟ್ರು ಪಿಎಫ್ ದುಡ್ಡು ಸುರಿದು ಸೈಟು ಕೊಳ್ಳುತ್ತಾರೆ, ಆಮೇಲೆ ಖಾತೆಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾರೆ. ಆ ಪದವನ್ನು ಅವರ ತಲೆಯೊಳಗೆ ಕೂರಿಸಿದ್ದು ಹಾಡು. ಸಹಜವಾಗಿ ಬಂದಷ್ಟೂ ಅನುಮಾನ ಕಮ್ಮಿ. ಸುಳ್ಳನ್ನು ನುಣ್ಣಗೆ ಮಾಡಿಕೊಡಿ ಅನ್ನೋದಕ್ಕೇ ‘ನ್ಯಾಚುರಲ್’ ಅಂತ ಷರಾ ಬರೆದದ್ದು ಅಂತ ನನಗೆ ಗೊತ್ತು, ನಾನು ಅದೇ ಕಾಗದ.

...ನಿಮ್ಮ ಕೊನೆಯಲ್ಲಿ ಪೆನ್ಸಿಲಿನಲ್ಲಿ ಏನೋ ಇದೆಯಲ್ಲ?

‘ಷರತ್ತುಗಳು ಅನ್ವಯ’.

ಆರು, ಮತ್ತೆ ನಾಲ್ಕು, ಹತ್ತು ಮಾತ್ರೆ. ಸಾಲಿಗೆ ಎರಡು ಕಮ್ಮಿ ಬೀಳುತ್ತದೆ.

ಎಣಿಸಬೇಡಿ ಸಾರ್. ಅದಕ್ಕೆ ಟ್ಯೂನು ಇಲ್ಲ. ಹಾಡು ಮುಗಿದ ಮೇಲೆ ಒಬ್ಬರು ಉಸಿರು ಬಿಡದೆ ಓದಿಬಿಡುತ್ತಾರೆ.