ಮನೆಯೊಳಗಿನ ಇಂಗ್ಲಿಷ್ ಪಂಡಿತ

ಅಮ್ಮಿನಬಾವಿಯಲ್ಲಿ ಎ, ಆ್ಯನ್, ದಿ ಮೂರನ್ನೂ ಅರಿತವನು ನಾನೊಬ್ಬನೇ ಎಂಬ ನಂಬಿಕೆ ಊರಲ್ಲಿ ಯಾರಿಗೂ ಇಲ್ಲ, ನಮ್ಮ ಮನೆಯಲ್ಲಿ ನನಗೊಬ್ಬನಿಗೆ ಇದೆ. ಹಾಗಾಗಿ ಮಗಳು ಇಂಗ್ಲಿಷಿನಲ್ಲಿ ‘ನಮ್ಮೂರು’ ಪ್ರಬಂಧ ಬರೆಯಲು ಕೂತಾಗ ಯಾರೂ ಕರೆಯದಿದ್ದರೂ ಹೋಗಿ ಪಕ್ಕದಲ್ಲಿ ಕೂತೆ.

“ಮುಂದಿನ ಶಬ್ದ ಸ್ವರದಿಂದ ಸುರು ಆದ್ರ ಆ್ಯನ್, ಇಲ್ಲಾಂದ್ರ ಎ. ಅಕ್ಷರ ನೋಡಬ್ಯಾಡ, ಕಿವಿಗೊಟ್ಟು ಕೇಳು,” ಎಂದೆ.

ಸೂತ್ರದಲ್ಲಿ ತಪ್ಪಿಲ್ಲ. ಯುನಿವರ್ಸಿಟಿ ಬರೆಯುವಾಗ ಮೊದಲು ಬರುವುದು ಸ್ವರಾಕ್ಷರ, ಆದರೆ ಬಾಯಲ್ಲಿ ಹೊರಡುವುದು ‘ಯ’. ಅದಕ್ಕೇ ಎ ಯುನಿವರ್ಸಿಟಿ. ತಾಸು ಎಂಬರ್ಥದ ಅವರ್‌ನಲ್ಲಿ ಎಚ್ ಮೂಕ. ಅದಕ್ಕೆ ಆ್ಯನ್ ಅವರ್. ಸೂತ್ರ ಕೆಟ್ಟದ್ದು ನನ್ನ ಬಾಯಿಗೆ ಬಂದಮೇಲೆ. ನಮ್ಮ ನಾಲಿಗೆ ಪದದ ಮೊದಲಿನ ಎಕಾರಕ್ಕೆ ಹೇಳದೆ ಕೇಳದೆ ಒಂದು ‘ಯ’ ಸೇರಿಸುತ್ತದೆ, ಒಕಾರಕ್ಕೆ ‘ವ’. ಎಮ್ಮಿ ಯೆಮ್ಮಿಯಾಗುತ್ತದೆ, ಒಂದು ವೊಂದಾಗುತ್ತದೆ. ನಾನು ಗತ್ತಿನಿಂದ ‘ಯೆಮ್ಮೆಲ್ಲೆ’, ‘ವೋಲ್ಡ್ ಬಸದಿ’ ಎಂದೆ. ಮಗಳು ವಿಧೇಯಳಾಗಿ ಕಿವಿಗೊಟ್ಟು ಕೇಳಿ ಎರಡಕ್ಕೂ ಎ ಹಚ್ಚಿದಳು.

“ಆ್ಯನ್ ಬೇಕಿತ್ತಲ್ಲವಾ!”

“ನೀ ಅಂದಂಗ ಕೇಳಿ ಬರದೇನಪ್ಪಾ.”

ಆಮೇಲೆ ದಾರಿ ಹೊಳೆಯಿತು. ಆ್ಯನ್ ಹಾಗೂ ಮುಂದಿನ ಪದವನ್ನು ನಡುವೆ ಉಸಿರು ಬಿಡದೆ ಬೆಸೆದು ಹೇಳಬೇಕು: ಆ್ಯನೆಮ್ಮೆಲ್ಲೆ, ಆ್ಯನೋಲ್ಡ್. ‘ಯ’, ‘ವ’ ನುಸುಳಲು ಸಂದೇ ಸಿಗುವುದಿಲ್ಲ. ಯುನಿವರ್ಸಿಟಿಯನ್ನು ಹಾಗೆ ಬೆಸೆಯಹೋದರೆ ನಾಲಿಗೆ ‘ನ್ಯು’ ಎಂದು ತೊಡರುತ್ತದೆ. ಅಲ್ಲಿಯ ‘ಯ’ ಇಂಗ್ಲಿಷಿನದೇ, ನಾವು ಸೇರಿಸಿದ್ದಲ್ಲ. ಅರ್ಧ ತಾಸು ಅಪ್ಪ ಮಗಳು ‘ಆ್ಯನೆಮ್ಮೆಲ್ಲೆ, ಆ್ಯನೆಮ್ಮೆಲ್ಲೆ’ ಎಂದು ಕೂಗಿದ್ದಕ್ಕೆ ಓಣಿಯವರು ನನಗೆ ಚುನಾವಣೆಯ ಹುಚ್ಚು ಹಿಡಿಯಿತೆಂದುಕೊಂಡರು.

ದಿ ವಿಷಯಕ್ಕೆ ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಒಳಗಿನಿಂದ ಹೆಂಡತಿ ಬಂದಳು. “ಕೇಳಿದವ್ರು ‘ಯಾವ್ದು?’ ಅಂತಾರೇನ್ ನೋಡವಾ. ಅವರಿಗೆ ಗೊತ್ತಿಲ್ಲಂದ್ರ ಎ, ಗೊತ್ತಿದ್ರ ದಿ. ನಿಮ್ಮಪ್ಪ ‘ಡಬ್ಬಿ ಕೊಡು’ ಅಂದ್ರ ನಾ ಯಾವ್ದಂತ ಕೇಳೂದುಲ್ಲ, ಅದು ದಿ ಡಬ್ಬಿ.” ಅಡಕಿ ಡಬ್ಬಿಯ ಮಾತು ಮಕ್ಕಳೆದುರು ಬೇಕಿರಲಿಲ್ಲ.

ಮಗಳು ಬರೆದಳು: ‘ದೇರ್ ಈಸ್ ಎ ವಾಟರ್ ಪ್ಲಾಂಟ್ ಇನ್ ಅವರ್ ವಿಲೇಜ್. ದಿ ಪ್ಲಾಂಟ್ ಸೆಂಡ್ಸ್ ವಾಟರ್ ಟು ಹುಬ್ಬಳ್ಳಿ.’ ಮೊದಲ ಸಲ ಓದುವವನಿಗೆ ಪ್ಲಾಂಟ್ ಹೊಸದು, ಎರಡನೆಯ ಸಲ ಪರಿಚಿತ. ಎಣಿಸಲಾಗದ ನೀರಿಗೆ ಎ ಬರುವಂತಿಲ್ಲ. ಇಂಥದೇ ನೀರೆಂದು ತೋರಿಸದಿದ್ದರೆ ದಿ ಕೂಡ ಬೇಡ.

ನಾನು ಸುಮ್ಮನಿರದೆ “ದಿ ಅಮ್ಮಿನಬಾವಿ” ಎಂದೆ. ಹೆಂಡತಿಯ ಸೂತ್ರದಂತೆ ನಮ್ಮೂರು ಯಾವುದೆಂದು ಯಾರು ಕೇಳುತ್ತಾರೆ? ಆದರೆ ಹೆಸರುಗಳ ನ್ಯಾಯ ಬೇರೆ. ನದಿಯ ಹೆಸರಿಗೆ ದಿ ಬೇಕು, ಊರಿನ ಹೆಸರಿಗೆ ಸಾಮಾನ್ಯವಾಗಿ ಬೇಡ. ದಿ ಮಲಪ್ರಭಾ, ಆದರೆ ಬರೀ ಅಮ್ಮಿನಬಾವಿ. ನಮಗೆ ಇಂಗ್ಲಿಷಿನಲ್ಲಿ ಪತ್ರ ಹಾಕುವವರು ದಯಮಾಡಿ ಹಾಗೆಯೇ ಬರೆಯಿರಿ.