ಅಡ್ಮಿನ್ ರಾಯರ ಪದತ್ಯಾಗ

ಯಾವ ಬಡಾವಣೆಗೆ ಹೋದರೂ ಅಲ್ಲಿನ ವಾಟ್ಸ್ಯಾಪ್ ಗ್ರೂಪಿಗೆ ಒಬ್ಬ ನಿವೃತ್ತ ಹೆಡ್‌ಮಾಸ್ಟರು ಅಡ್ಮಿನ್ ಆಗಿರುತ್ತಾರೆ. ನಮ್ಮಲ್ಲಿ ರಾಯರು. ಗುಡ್ ಮಾರ್ನಿಂಗ್ ಕಳಿಸಕೂಡದು, ರಾತ್ರಿ ಹತ್ತರ ಮೇಲೆ ಪೋಸ್ಟ್ ಹಾಕಕೂಡದು ಎಂದು ನಿಯಮಾವಳಿ ಬರೆದವರು. ನಾನು ಕಷ್ಟಪಟ್ಟು ತೆಗೆದ ಮಲ್ಲಿಗೆ ಮೊಗ್ಗಿನ ಫೋಟೋ ಎರಡೇ ನಿಮಿಷದಲ್ಲಿ ಅವರ ಕೈಯಲ್ಲಿ ಅಳಿಸಿಹೋಯಿತು. ಆದರೆ ವಾಲ್ವ್‌ಮನ್ ನೀರು ಬಿಟ್ಟ ಸುದ್ದಿ ಬೆಳಗಿನ ಜಾವ ಐದಕ್ಕೇ ಬರುತ್ತಿತ್ತೆಂದರೆ ಅದೂ ರಾಯರಿಂದಲೇ.

ತಿಂಗಳಿಗೊಮ್ಮೆ ಜಗಳವಾಗುತ್ತಿತ್ತು, ಬೀದಿನಾಯಿಯದೋ ಪಾರ್ಕಿಂಗಿನದೋ. ಆಗ ರಾಯರದು ಒಂದೇ ಗುಡುಗು: "ಗ್ರೂಪೇ ಡಿಲೀಟ್ ಮಾಡಿಬಿಡ್ತೀನಿ!"

ಈ ಸಲ ನಿಜವಾಗಿಯೂ ಕೂತರು. ಮೊಮ್ಮಗಳು ತಡೆದಳು. "ತಾತಾ, ಒಂದೇ ಬಟನ್ನಲ್ಲಿ ಎಲ್ಲರ ಫೋನಿಂದ ಹೋಗಲ್ಲ. ಆರುನೂರು ಜನರನ್ನ ಒಬ್ಬೊಬ್ಬರಾಗಿ ತೆಗೀಬೇಕು. ಸುಮ್ಮನೆ ಎದ್ದುಹೋದರೆ, ಬೇರೆ ಅಡ್ಮಿನ್ ಇಲ್ಲದಿದ್ದರೆ ವಾಟ್ಸ್ಯಾಪೇ ಯಾರಿಗೋ ಪಟ್ಟ ಕಟ್ಟುತ್ತೆ." ಆ 'ಯಾರೋ' ಪಾರ್ಕಿಂಗಿನವನೇ ಆಗಿಬಿಟ್ಟರೆ? ರಾಯರು ಬೆವೆತರು.

ಹಾಗಾಗಿ ಶಾಸ್ತ್ರೋಕ್ತ ಹಸ್ತಾಂತರ. ಮೂರನೇ ಕ್ರಾಸಿನ ಟೀಚರಮ್ಮನನ್ನೂ, ಬೇಡವೆಂದು ಹೇಳಲು ಬಾಯಿ ಬಾರದ ನನ್ನನ್ನೂ ಅಡ್ಮಿನ್ ಮಾಡಿದರು. ಹಾಲಿನ ಬೂತಿನ ಗೋಡೆಗೆ ಅಂಟಿಸಿದ್ದ ಹಳೇ ಆಹ್ವಾನದ ಲಿಂಕಿನಿಂದ ಸೈಟ್ ಬ್ರೋಕರುಗಳು ನುಗ್ಗುತ್ತಿದ್ದರಲ್ಲ, ಅದನ್ನು ರದ್ದು ಮಾಡಿ ಹೊಸದು ತೆಗೆದರು. ತಮ್ಮ ಡೈರಿಯಲ್ಲಷ್ಟೇ ಇದ್ದ ವಾಲ್ವ್‌ಮನ್, ಲೈನ್‌ಮನ್, ಹಾವು ಹಿಡಿಯುವವನ ನಂಬರುಗಳನ್ನು ಗ್ರೂಪಿನ ವಿವರಣೆಯಲ್ಲಿ ಬರೆಸಿದರು. ನಂಬರು ಹೇಳುತ್ತಾ ಒಬ್ಬೊಬ್ಬರ ಸ್ವಭಾವವನ್ನೂ ಹೇಳಿದರು: ವಾಲ್ವ್‌ಮನ್‌ಗೆ ಜೋರು ಮಾಡಬಾರದು, ಮಗಳ ಓದು ವಿಚಾರಿಸಬೇಕು. ಇದನ್ನು ಎಲ್ಲಿ ಬರೆಯುವುದೋ ಟೀಚರಮ್ಮನಿಗೂ ಹೊಳೆಯಲಿಲ್ಲ.

ಇನ್ನು ಕೆಳಗಿಳಿಯುವುದು. ಗ್ರೂಪು ಶುರುಮಾಡಿದವರನ್ನು ಬೇರೆ ಅಡ್ಮಿನ್‌ಗಳು ಇಳಿಸಲಾರರು. ತಾವೇ ಹೊರಗೆ ಹೋಗಿ, ಯಾರಾದರೂ ಸೇರಿಸಿಕೊಂಡರೆ ಸಾಮಾನ್ಯ ಸದಸ್ಯರಾಗಿ ಒಳಗೆ ಬರಬೇಕು. ರಾಯರು ಯಾರಿಗೂ ಹೇಳದೆ ಒಂದು ಸಂಜೆ ಹೊರಟೇಬಿಟ್ಟರು, ಊರೆಲ್ಲ ಬೆಚ್ಚಿಬೀಳಲಿ ಎಂದು.

ಹತ್ತು ನಿಮಿಷಕ್ಕೆ ನನಗೆ ಫೋನು. "ಏನಂತಾರ್ರೀ ಜನ?"

ಏನೂ ಅಂದಿರಲಿಲ್ಲ. ಈಗ ಯಾರು ಗ್ರೂಪ್ ಬಿಟ್ಟರೂ ಆ ಸೂಚನೆ ಕಾಣುವುದು ಅಡ್ಮಿನ್‌ಗಳಿಗೆ ಮಾತ್ರ. ಗ್ರೂಪಿನಲ್ಲಿ ಆಗ ತೆಂಗಿನಕಾಯಿ ರೇಟಿನ ಚರ್ಚೆ ನಡೆದಿತ್ತು. "ಎಲ್ಲರೂ ಬೇಜಾರಲ್ಲಿದಾರೆ ಸಾರ್" ಎಂದೆ. ಆ ಕಡೆ ಉಸಿರು ಸ್ವಲ್ಪ ಹಗುರಾಯಿತು.

ಮರುದಿನ ಟೀಚರಮ್ಮ ಅವರನ್ನು ಮತ್ತೆ ಸೇರಿಸಿದರು. ಅದು ಮಾತ್ರ ಎಲ್ಲರಿಗೂ ಕಂಡಿತು. ಹೊಸದಾಗಿ ಬಾಡಿಗೆಗೆ ಬಂದ ಹುಡುಗನೊಬ್ಬ ತಕ್ಷಣ ಬರೆದ: "ವೆಲ್‌ಕಮ್ ಅಂಕಲ್. ದಯವಿಟ್ಟು ಗ್ರೂಪಿನ ನಿಯಮಗಳನ್ನು ಒಮ್ಮೆ ಓದಿಕೊಳ್ಳಿ."