ಹೆಬ್ಬೆಟ್ಟಿನ ಒಪ್ಪಿಗೆ

ಹಂದನಕೆರೆ ಕಡೆ ತ್ರೀಫೇಸ್ ಕರೆಂಟು ರಾತ್ರಿ ಪಾಳಿಗೆ ಬಂತೆಂದರೆ ನಮ್ಮ ತೆಂಗು ಬೆಳೆಗಾರರ ವಾಟ್ಸಾಪ್ ಗ್ರೂಪಿಗೂ ಕರೆಂಟು ಬಂದಂತೆ. ಮೋಟರು ಆನ್ ಮಾಡಿ ಕೂತವನಿಗೆ ಮಲಗುವ ಹಾಗಿಲ್ಲ, ಮಾಡಲು ಬೇರೆ ಕೆಲಸವೂ ಇಲ್ಲ. ಆ ಹೊತ್ತಲ್ಲಿ ಯಾರಾದರೂ ಕಪ್ಪುತಲೆ ಹುಳು ಕೆರೆದು ತಿಂದು ಸುಟ್ಟಂತಾದ ಗರಿಯ ಫೋಟೊ ಹಾಕಿದರೆ ಮುಗಿಯಿತು. ಬೆಳಗ್ಗೆ ಎದ್ದವರಿಗೆ ಇನ್ನೂರು ಚಿಲ್ಲರೆ ಸಂದೇಶ ಕಾದಿರುತ್ತವೆ. ಅದರ ಸಾರ ಬರೆದು ಹಾಕುವ ಕೆಲಸ, ಬೇಗ ಏಳುವ ತಪ್ಪಿಗೆ, ನನ್ನ ಪಾಲಿನದು.

ಇಂಥದ್ದನ್ನು ಮೊದಲಿನಿಂದ ಓದುತ್ತಾ ಬರೆದರೆ ಕೆಟ್ಟೆವು. ಮೊನ್ನೆ ಹತ್ತೂವರೆಗೆ ‘ಎಲ್ಲಾರೂ ಔಷಧಿ ಹೊಡೆಸೋಣ’ ಅಂದದ್ದಕ್ಕೆ ಸಾಲುಸಾಲು ‘ಆಯ್ತು’ ಬಿದ್ದಿದ್ದವು. ಹನ್ನೆರಡೂವರೆಗೆ ಗ್ರೂಪಿನ ಮೇಷ್ಟ್ರೊಬ್ಬರು ಎದ್ದರು. ಈ ಹುಳುವಿನ ಮೇಲೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಗೋನಿಯೋಜಸ್ ಎಂಬ ಪುಟ್ಟ ಕಣಜವಿದೆ, ಔಷಧಿ ಹೊಡೆದರೆ ಅದೂ ಸಾಯುತ್ತದೆ ಎಂದರು. ಒಂದೂವರೆ ಹೊತ್ತಿಗೆ ಹಳೇ ತೀರ್ಮಾನ ಬಿದ್ದುಹೋಗಿತ್ತು. ಅದಕ್ಕೇ ನಾನು ಬಾಲದಿಂದ ತಲೆಗೆ ಓದುವುದು. ಕೊನೆಯ ಮಾತು ಯಾವುದನ್ನು ಒಪ್ಪಿದೆ ಎಂದು ಹಿಡಿದು, ಅದನ್ನು ಮುರಿದ ಮಾತು ಆಮೇಲೆ ಬಂದಿಲ್ಲ ಎಂದು ಖಾತ್ರಿಯಾದರೆ ಮಾತ್ರ ‘ತೀರ್ಮಾನ’ ಎಂಬ ತಲೆಬರಹದಡಿ ಬರೆಯುತ್ತೇನೆ. ಬಿದ್ದುಹೋದದ್ದನ್ನೂ ಒಂದು ಸಾಲು ಹೇಳಲೇಬೇಕು. ಇಲ್ಲದಿದ್ದರೆ ಹತ್ತೂವರೆಗೆ ಮಲಗಿದವನು ಬೆಳಗ್ಗೆ ಪಂಪು ಬೆನ್ನಿಗೇರಿಸಿ ಹೊರಡುತ್ತಾನೆ.

ಆವತ್ತು ಬರೆದದ್ದು ಇಷ್ಟು: ಮರಕ್ಕೆ 15ರಿಂದ 20 ಕಣಜ, ಹದಿನೈದು ದಿನಕ್ಕೊಮ್ಮೆ ನಾಲ್ಕು ಸಲ ಬಿಡುವುದು, ಬಿಡುವ ತೋಟದಲ್ಲಿ ಸಿಂಪಡಣೆ ಇಲ್ಲ, ರಾತ್ರಿಯ ‘ಔಷಧಿ ಹೊಡೆಸೋಣ’ ರದ್ದು.

ಕೆಳಗೆ ‘ತೀರ್ಮಾನವಾಗದ್ದು’. ಇದು ನಿಜವಾದ ಕಷ್ಟ. ಕಣಜದ ಖರ್ಚನ್ನು ಮರದ ಲೆಕ್ಕದಲ್ಲಿ ಹಂಚುವುದೋ, ಎಕರೆ ಲೆಕ್ಕದಲ್ಲೋ ಎಂದು ಒಬ್ಬರು ಕೇಳಿದ್ದರು. ಅದರ ಹಿಂದೆಯೇ ಕೊಬ್ಬರಿ ರೇಟು, ಯಾರದೋ ಮದುವೆ ಕರೆಯೋಲೆ, ನಾಲ್ಕು ಶುಭೋದಯ ಬಂದು ಪ್ರಶ್ನೆ ಮುಳುಗಿಹೋಗಿತ್ತು. ಉತ್ತರ ಬಾರದ ಪ್ರಶ್ನೆ ನಮ್ಮಲ್ಲಿ ಒಪ್ಪಿದ ಹಾಗೇ ಕಾಣುತ್ತದೆ. ಆದ್ದರಿಂದ ಪ್ರಶ್ನೆಯ ಮುಂದೆ ಉತ್ತರ ಹೇಳಬೇಕಾದವರ ಹೆಸರು, ಹೇಳಬೇಕಾದ ದಿನ ಬರೆಯುತ್ತೇನೆ. ಹೆಸರಿಲ್ಲದ ಪ್ರಶ್ನೆಗೆ ಊರೆಲ್ಲ ಯಜಮಾನರು. ಬೇರಿಗೆ ಔಷಧಿ ಕಟ್ಟಿದವರು 45 ದಿನ ಕಾಯಿ ಕೀಳಬಾರದು ತಾನೇ, ಅವರು ಈ ಲೆಕ್ಕಕ್ಕೆ ಸೇರುತ್ತಾರೋ ಇಲ್ಲವೋ ಎಂಬುದೂ ಅಲ್ಲೇ ಕೂತಿತು. ನನಗೆ ಗೊತ್ತಿದ್ದರೂ ಉತ್ತರ ಸೇರಿಸಲಿಲ್ಲ. ಸಾರ ಬರೆಯುವವನು ಬಾಯಿ ಹಾಕಿದರೆ ಅದೇ ತೀರ್ಮಾನವಾಗಿಬಿಡುತ್ತದೆ.

ಹಾಕಿದ ಐದು ನಿಮಿಷಕ್ಕೆ ಮಾವನಿಂದ ಹೆಬ್ಬೆಟ್ಟು ಬಂತು, ‘ಮರದ ಲೆಕ್ಕವೋ, ಎಕರೆ ಲೆಕ್ಕವೋ’ ಎಂಬ ಪ್ರಶ್ನೆಗೇ. ಫೋನು ಮಾಡಿದೆ.

‘ಮಾವ, ಯಾವುದಕ್ಕೆ ಒಪ್ಪಿಗೆ?’

‘ಒಪ್ಪಿಗೆ ಎಲ್ಲಿ ಬಂತು? ಓದ್ದೆ ಅಂತ ಕಣಪ್ಪ.’

ಪ್ರಶ್ನೆಯ ಮುಂದೆ ಅವರ ಹೆಸರೇ ಬರೆದೆ.